ಸಹಿಗೆ ಮುಂಚೆ ಒಂದು ತಾರೀಖು ಕೊಟ್ಟು ಕೇಳಿ

ಆಫರ್ ಲೆಟರಿನಲ್ಲಿ ಸಂಬಳದ ಪಟ್ಟಿ ಮುಗಿದ ಮೇಲೆ ಎಲ್ಲೋ ಒಂದು ಕಡೆ ಈ ಅರ್ಥದ ಸಾಲು ಇರುತ್ತದೆ: 'ಅಭ್ಯರ್ಥಿಯು ಕೆಲಸಕ್ಕೆ ಸೇರುವ ದಿನ ಕಂಪನಿಯ ನಮೂನೆಯಂತೆ ಸೇವಾ ಒಪ್ಪಂದಕ್ಕೆ ಸಹಿ ಹಾಕತಕ್ಕದ್ದು.' ಎಷ್ಟು ವರ್ಷ, ಎಷ್ಟು ದುಡ್ಡು ಎಂಬುದು ಅಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಪೂರ್ತಿ ಕರಾರು ಇರುವುದು ಬೇರೆ ಕಾಗದದಲ್ಲಿ. ಎಷ್ಟೋ ಸಲ ಅದು ಕೈಗೆ ಬರುವುದು ಸೇರುವ ದಿನ ಬೆಳಿಗ್ಗೆ, ಪಿಎಫ್ ಫಾರಂ, ಬ್ಯಾಂಕ್ ಖಾತೆಯ ಫಾರಂಗಳ ನಡುವೆ, ಇ-ಸ್ಟಾಂಪ್ ಕಾಗದದ ಮೇಲೆ ಅಚ್ಚಾಗಿ. ಅಷ್ಟು ಹೊತ್ತಿಗೆ ಬೆಂಗಳೂರಿನ ಪಿಜಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಊರಲ್ಲಿ ಸಿಹಿ ಹಂಚಿಯಾಗಿರುತ್ತದೆ. ಅಲ್ಲಿ ಕೂತು ಪ್ರತಿ ಸಾಲು ಓದಿ ಪ್ರಶ್ನೆ ಕೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಹಾಗಾಗಿ ಕೇಳಬೇಕಾದದ್ದನ್ನು ಆಫರಿಗೆ ಒಪ್ಪಿಗೆ ಕೊಡುವ ಮುಂಚೆಯೇ ಕೇಳಬೇಕು. ಕ್ಯಾಂಪಸ್ ಆಯ್ಕೆಯಲ್ಲಂತೂ ಇದು ಇನ್ನೂ ಮುಖ್ಯ. ಒಂದು ಆಫರ್ ಒಪ್ಪಿಕೊಂಡ ವಿದ್ಯಾರ್ಥಿಯನ್ನು ಮುಂದಿನ ಕಂಪನಿಗಳ ಸಂದರ್ಶನಕ್ಕೆ ಕೂರಿಸದ ಕಾಲೇಜುಗಳು ಬಹಳ ಇವೆ.

ಕೇಳುವವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: 'ಸರ್, ಬಾಂಡ್ ಇದೆಯಾ?' ಆ ಕಡೆಯಿಂದ ಬರುವ ಉತ್ತರವೂ ಒಂದೇ: 'ಇದೆ, ಎರಡು ವರ್ಷದ್ದು. ಅದೊಂದು ಫಾರ್ಮಾಲಿಟಿ ಅಷ್ಟೇ, ಎಲ್ಲರೂ ಸಹಿ ಮಾಡ್ತಾರೆ.' ಇದನ್ನು ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಎಂದೇನೂ ಅಲ್ಲ. ಫೋನಿನ ಆ ತುದಿಯಲ್ಲಿರುವವರು ಹೊರಗಿನ ಕನ್ಸಲ್ಟೆನ್ಸಿಯವರಾಗಿದ್ದರೆ ಒಪ್ಪಂದದ ಪ್ರತಿಯನ್ನು ಕಣ್ಣಾರೆ ನೋಡಿರುವುದೇ ಅನುಮಾನ. ನೀವು ಕೆಲಸಕ್ಕೆ ಸೇರಿದರೆ ಅವರಿಗೆ ಕಮಿಷನ್. ಆಮೇಲೆ ಬಿಟ್ಟಾಗ ಏನಾಗುತ್ತದೆ ಎಂಬುದು ಅವರ ಕೆಲಸವಲ್ಲ. ಜೊತೆಗೆ, ಇಂಥ ಒಪ್ಪಂದಗಳ ಕೊನೆಯ ಪುಟದಲ್ಲಿ 'ಇದಕ್ಕೆ ಮುಂಚೆ ನಡೆದ ಎಲ್ಲ ಮಾತುಕತೆಗಳ ಬದಲಿಗೆ ಈ ಒಪ್ಪಂದವೇ ಅಂತಿಮ' ಎನ್ನುವ ಷರತ್ತು ಇರುವುದುಂಟು. ಫೋನಿನಲ್ಲಿ ಹೇಳಿದ 'ಫಾರ್ಮಾಲಿಟಿ' ಆ ಸಾಲಿನ ಮುಂದೆ ನಿಲ್ಲುವುದಿಲ್ಲ.

ಆದ್ದರಿಂದ ಮೊದಲ ಬೇಡಿಕೆ ಒಪ್ಪಂದದ ಖಾಲಿ ಪ್ರತಿ. 'ಸೇರುವ ದಿನ ಸಹಿ ಮಾಡಬೇಕಾದ ಒಪ್ಪಂದದ ನಮೂನೆ ಕಳಿಸಿಕೊಡಿ, ಮನೆಯಲ್ಲಿ ಓದಿ ತಿಳಿಸುತ್ತೇನೆ' ಎಂದು ಮೇಲ್ ಹಾಕಿ. ಅದು ಗೋಪ್ಯ ದಾಖಲೆ, ಕೊಡಲಾಗದು ಎಂದರೆ, ನಾಳೆ ನೀವೇ ಸಹಿ ಹಾಕಬೇಕಾದ ಕಾಗದವನ್ನು ನಿಮ್ಮಿಂದಲೇ ಮುಚ್ಚಿಡುವ ಕಂಪನಿ ಅದು ಎಂದು ತಿಳಿದಂತಾಯಿತು.

ಪ್ರತಿ ಬಂತು ಎಂದುಕೊಳ್ಳೋಣ. ಅದನ್ನು ಓದಿದರೂ ಅರ್ಥವಾಗುವುದು ಕಷ್ಟ, ಏಕೆಂದರೆ ವಕೀಲರು ಬರೆದ ಭಾಷೆ ಅದು. ಇಲ್ಲಿ ಒಂದು ಸರಳ ಉಪಾಯವಿದೆ. ಅರ್ಥ ಕೇಳಬೇಡಿ, ಲೆಕ್ಕ ಕೇಳಿ. ಒಂದು ತಾರೀಖು ಕೊಟ್ಟು, ಆ ದಿನ ಬಿಟ್ಟರೆ ನಾನು ಕಟ್ಟಬೇಕಾದ್ದು ಎಷ್ಟು ರೂಪಾಯಿ ಎಂದು ಕೇಳಿ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿದ ಒಬ್ಬ ಹುಡುಗಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಿಂದ ಆಫರ್ ಬಂದಿದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 4,20,000 ರೂಪಾಯಿ, ಮೊದಲ 3 ತಿಂಗಳು ತರಬೇತಿ, 2 ವರ್ಷದ ಬಾಂಡ್, ಮುರಿದರೆ 2 ಲಕ್ಷ, ನೋಟಿಸ್ ಅವಧಿ 90 ದಿನ. ಅವಳು ಎಚ್‌ಆರ್‌ಗೆ ಹೀಗೆ ಬರೆಯುತ್ತಾಳೆ: 'ಮೇಡಂ, ನಾನು ಜುಲೈ 1, 2026ಕ್ಕೆ ಸೇರಿ, ಡಿಸೆಂಬರ್ 31, 2027 ನನ್ನ ಕೊನೆಯ ಕೆಲಸದ ದಿನವಾದರೆ ಎಷ್ಟು ಕಟ್ಟಬೇಕಾಗುತ್ತದೆ? ನೋಟಿಸ್ ಪೂರ್ತಿ ಮಾಡಿದ್ದರೆ ಎಷ್ಟು, ಮಾಡದಿದ್ದರೆ ಎಷ್ಟು? ದಯವಿಟ್ಟು ಲೆಕ್ಕ ತಿಳಿಸಿ.'

ಒಂದೇ ಷರತ್ತಿಗೆ ಎಷ್ಟು ಉತ್ತರ ಬರಬಹುದು ನೋಡಿ. ಬಾಂಡ್ ಸೇರಿದ ದಿನದಿಂದ ಲೆಕ್ಕ, ದುಡಿದಷ್ಟು ತಿಂಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತದೆ ಎಂದಾದರೆ, 24 ತಿಂಗಳಲ್ಲಿ ಉಳಿದದ್ದು 6 ತಿಂಗಳು, ಕಟ್ಟಬೇಕಾದ್ದು 50,000. ತರಬೇತಿಯ 3 ತಿಂಗಳು ಲೆಕ್ಕಕ್ಕಿಲ್ಲ, ಬಾಂಡ್ ಅಕ್ಟೋಬರ್ 1ರಿಂದ ಶುರು ಎಂದರೆ ಉಳಿದದ್ದು 9 ತಿಂಗಳು, 75,000 ಆಯಿತು. ಎರಡು ವರ್ಷದ ಬಾಂಡ್ ಎಂದು ಫೋನಿನಲ್ಲಿ ಹೇಳಿದ್ದು ಇಲ್ಲಿ ಸದ್ದಿಲ್ಲದೆ ಎರಡೂಕಾಲು ವರ್ಷವಾಗಿರುತ್ತದೆ. ಮೊತ್ತ ಇಳಿಯುವುದೇ ಇಲ್ಲ ಎಂದರೆ ಇಪ್ಪತ್ಮೂರನೇ ತಿಂಗಳಲ್ಲಿ ಬಿಟ್ಟರೂ 2 ಲಕ್ಷ. ಇನ್ನು ನೋಟಿಸ್ ಪೂರೈಸದೆ ಹೋದರೆ ಆ ಮೂರು ತಿಂಗಳ ಸಂಬಳವನ್ನೂ ಬಾಂಡಿನ ಮೇಲೆ ಕೊಡಬೇಕು ಎಂದಿದ್ದರೆ, ತಿಂಗಳಿಗೆ 35,000ದಂತೆ 1,05,000 ಸೇರಿ ಒಟ್ಟು 3,05,000. ಅಂದರೆ 50 ಸಾವಿರವೂ ಆಗಬಹುದು, 3 ಲಕ್ಷದ ಮೇಲೂ ಆಗಬಹುದು. 'ಬಾಂಡ್ ಇದೆಯಾ' ಎಂಬ ಪ್ರಶ್ನೆಗೆ ಈ ಎಲ್ಲದಕ್ಕೂ ಸಿಗುವ ಉತ್ತರ 'ಇದೆ' ಎಂಬುದೊಂದೇ.

ಎರಡನೆಯ ಪ್ರಶ್ನೆ, ಬಿಡುವುದು ಯಾರು ಎಂಬುದು. ಹೆಚ್ಚಿನವರು ಬಾಂಡ್ ಎಂದರೆ ನಾವಾಗಿ ರಾಜೀನಾಮೆ ಕೊಟ್ಟರೆ ಎಂದುಕೊಂಡಿರುತ್ತಾರೆ. ಕೆಲವು ಒಪ್ಪಂದಗಳಲ್ಲಿ 'ಯಾವುದೇ ಕಾರಣದಿಂದ ಸೇವೆ ಕೊನೆಗೊಂಡರೆ' ಎಂದಿರುತ್ತದೆ. ತರಬೇತಿಯ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದು ಕಂಪನಿಯೇ ತೆಗೆದರೆ? ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ಕೂರಿಸಿ ಕೊನೆಗೆ ಮನೆಗೆ ಕಳಿಸಿದರೆ? ಅಕ್ಷರಶಃ ಓದಿದರೆ ಆಗಲೂ ದುಡ್ಡು ಕೇಳಬಹುದು. ಕಂಪನಿ ತಾನಾಗಿ ತೆಗೆದರೆ ಬಾಂಡ್ ಅನ್ವಯಿಸುವುದಿಲ್ಲ ಎಂಬ ಒಂದು ಸಾಲು ಸೇರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನ್ಯಾಯವಾಗಿ ನಡೆಯುವ ಕಂಪನಿಗೆ ಈ ಸಾಲು ಭಾರವಲ್ಲ. ಸಂಬಳವಿಲ್ಲದ ರಜೆ, ಹೆರಿಗೆ ರಜೆ ಹಾಕಿದರೆ ಬಾಂಡ್ ಅವಧಿ ಅಷ್ಟು ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನೂ ಇದೇ ಮೇಲಿನಲ್ಲಿ ಕೇಳಿಬಿಡಬಹುದು.

ಕಾನೂನು ಏನೆನ್ನುತ್ತದೆ? 'ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ, ಸುಮ್ಮನೆ ಸಹಿ ಹಾಕು' ಎನ್ನುವ ಸೀನಿಯರ್‌ಗಳು ಎಲ್ಲ ಹಾಸ್ಟೆಲಿನಲ್ಲೂ ಇದ್ದಾರೆ. ಅದು ಅರ್ಧ ಮಾತ್ರ ನಿಜ. ಬಾಂಡ್ ಇದೆಯೆಂದು ಯಾರನ್ನೂ ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳಲು ಬರುವುದಿಲ್ಲ. ಕೇಳಬಹುದಾದದ್ದು ಹಣ ಮಾತ್ರ. ಆ ಹಣಕ್ಕೂ 1872ರ ಕರಾರು ಕಾಯ್ದೆಯ 74ನೇ ಕಲಮಿನ ಮಿತಿಯಿದೆ: ಕಾಗದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಅದರೊಳಗೆ ನ್ಯಾಯವೆನಿಸುವಷ್ಟನ್ನು ಕೋರ್ಟ್ ಕೊಡಿಸುತ್ತದೆ. 2011ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಮೂರು ವರ್ಷದ ಬಾಂಡಿಗೆ 2 ಲಕ್ಷ ಎಂದು ಬರೆದಿತ್ತು. ತರಬೇತಿಗೆ ಕಂಪನಿ ಖರ್ಚು ಮಾಡಿದ್ದು 67,595 ರೂಪಾಯಿ, ನೌಕರ ಎರಡು ವರ್ಷ ದುಡಿದಿದ್ದ. ಕಂಪನಿಗೆ ಸಿಕ್ಕಿದ್ದು ಆ ಖರ್ಚಿನ ಮೂರನೇ ಒಂದು ಭಾಗ, 22,532 ರೂಪಾಯಿ. ಎಚ್‌ಆರ್‌ಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಈ 2 ಲಕ್ಷ ಯಾವ ಖರ್ಚಿನ ಲೆಕ್ಕ? ಯಾವ ತರಬೇತಿ, ಎಷ್ಟು ದಿನ, ಹೊರಗಿನ ಪ್ರಮಾಣಪತ್ರ ಏನಾದರೂ ಸಿಗುತ್ತದೆಯೇ? ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವ ಪಾಠವನ್ನೇ ಕಾನ್ಫರೆನ್ಸ್ ಹಾಲಿನಲ್ಲಿ ತೋರಿಸಿ ತರಬೇತಿ ಎಂದು ಕರೆಯುವ ಕಡೆಗಳೂ ಇವೆ.

ಆದರೆ ಬಾಂಡ್ ನಿಂತ ಪ್ರಕರಣವೂ ಇದೆ, ಅದೂ ನಮ್ಮ ಮನೆಯಂಗಳದ್ದೇ. ವಿಜಯಾ ಬ್ಯಾಂಕಿನ ನೇಮಕಾತಿಯಲ್ಲಿ ಮೂರು ವರ್ಷ ಸೇವೆ ಮಾಡಬೇಕು, ಇಲ್ಲವಾದರೆ 2 ಲಕ್ಷ ಕಟ್ಟಬೇಕು ಎಂಬ ಷರತ್ತಿತ್ತು. 2007ರಲ್ಲಿ ಸೇರಿದ ಒಬ್ಬ ಸೀನಿಯರ್ ಮ್ಯಾನೇಜರ್ 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಆಕ್ಷೇಪ ದಾಖಲಿಸಿಯೇ ಹಣ ಕಟ್ಟಿ, ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿ ಷರತ್ತು ಸರಿ ಎಂದಿತು. ಸರ್ಕಾರಿ ಬ್ಯಾಂಕ್ ಖಾಸಗಿಯವರಂತೆ ಯಾರನ್ನೋ ಕರೆದು ಕೂರಿಸಲಾಗದು, ಬಹಿರಂಗ ಜಾಹೀರಾತು ಕೊಟ್ಟು ಸ್ಪರ್ಧೆ ನಡೆಸಿಯೇ ಹುದ್ದೆ ತುಂಬಬೇಕು, ಅರ್ಧಕ್ಕೆ ಬಿಟ್ಟರೆ ಆ ಖರ್ಚೆಲ್ಲ ಮತ್ತೆ ಎಂಬುದು ಒಂದು ಕಾರಣ. ಆ ಹುದ್ದೆಯ ಸಂಬಳಕ್ಕೆ 2 ಲಕ್ಷ ವಿಪರೀತವಲ್ಲ ಎಂಬುದು ಇನ್ನೊಂದು. ಹೊಸದಾಗಿ ಸೇರುವ ಹುಡುಗಿಯ ಆರು ತಿಂಗಳ ಸಂಬಳದಷ್ಟು ದಂಡಕ್ಕೂ ಇದು ಹಾಗೇ ಅನ್ವಯಿಸುತ್ತದೆ ಎಂದು ನನಗನ್ನಿಸುವುದಿಲ್ಲ. ಹಾಗೆಂದು 'ಬಾಂಡ್ ಎಂದರೆ ಬರೀ ಕಾಗದ' ಎಂಬ ಹಾಸ್ಟೆಲ್ ಮಾತನ್ನು ನಂಬಿ ಸಹಿ ಹಾಕುವುದೂ ಈಗ ಜಾಣತನವಲ್ಲ.

ಅಷ್ಟಕ್ಕೂ ಸಾಮಾನ್ಯ ನೌಕರನನ್ನು ಕಟ್ಟಿಹಾಕುವುದು ಕೋರ್ಟಿಗಿಂತ ಹೆಚ್ಚಾಗಿ ರಿಲೀವಿಂಗ್ ಲೆಟರ್. ಮುಂದಿನ ಕಂಪನಿ ಹಿಂದಿನ ಕೆಲಸದ ಪರಿಶೀಲನೆ ಮಾಡುವಾಗ ಅದನ್ನೇ ಕೇಳುತ್ತದೆ. ಆದ್ದರಿಂದ 'ಹಣ ಕಟ್ಟಿದರೆ ಎಷ್ಟು ದಿನದೊಳಗೆ ರಿಲೀವಿಂಗ್ ಲೆಟರ್ ಕೊಡುತ್ತೀರಿ' ಎಂಬುದಕ್ಕೂ ಉತ್ತರ ಬೇಕು. ಬಾಂಡ್ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಸೇರಿಸುತ್ತೇವೆ ಎಂದರೆ ಒಪ್ಪಬೇಡಿ. ಅದಕ್ಕೆ ತೆರಿಗೆ ಇಲ್ಲವೆಂದು 2022ರ ಆಗಸ್ಟಿನಲ್ಲೇ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ ಸ್ಪಷ್ಟಪಡಿಸಿದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ತೋರಿಸಿ ವಾಪಸು ತನ್ನಿ. ಖಾಲಿ ಚೆಕ್ ಬೇಡವೇ ಬೇಡ. ಅಪ್ಪನ ಸಹಿ ಸಾಕ್ಷಿಯ ಜಾಗದಲ್ಲಿದೆಯೇ, ಜಾಮೀನುದಾರನ ಜಾಗದಲ್ಲಿದೆಯೇ ನೋಡಿ. ಜಾಮೀನಾದರೆ ಕಂಪನಿ ಮಗಳನ್ನು ಬಿಟ್ಟು ನೇರವಾಗಿ ಅಪ್ಪನ ಮೇಲೆಯೇ ದಾವೆ ಹೂಡಬಹುದು.

ನಮ್ಮ ದಾವಣಗೆರೆಯ ಹುಡುಗಿಗೆ ಉತ್ತರ ಬಂತು ಎಂದುಕೊಳ್ಳೋಣ: ಬಾಂಡ್ ಸೇರಿದ ದಿನದಿಂದಲೇ ಲೆಕ್ಕ, ಕಂಪನಿ ತೆಗೆದರೆ ಹಣ ಬೇಡ, ಆದರೆ ಮೊತ್ತ ಇಳಿಸಲು ಆಗುವುದಿಲ್ಲ, ಅದು ಎಲ್ಲರಿಗೂ ಒಂದೇ. ಇನ್ನೊಂದು ಸಲ ಕೇಳಿ ನೋಡಬಹುದು: 'ಮೇಡಂ, ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ಅರ್ಧ ಅಂತಾದರೂ ಮಾಡ್ತೀರಾ?' ಆಗದು ಎಂದರೆ, ಈಗ ಅವಳ ಮುಂದಿರುವುದು ಸ್ಪಷ್ಟವಾದ ಸಂಖ್ಯೆ. ಬೇರೆ ಆಫರ್ ಇಲ್ಲದಿದ್ದರೆ, ಎರಡು ವರ್ಷ ಇರುವುದು ಖಚಿತವಿದ್ದರೆ ಅವಳು ಸಹಿ ಹಾಕುವುದರಲ್ಲಿ ತಪ್ಪೇನಿಲ್ಲ. ಮುಂದಿನ ವರ್ಷ ಗೇಟ್ ಬರೆದು ಎಂಟೆಕ್ ಮಾಡುವ ಯೋಚನೆ ಇದ್ದರೆ ಮಾತು ಬೇರೆ. ಸಹಿ ಹಾಕುವುದಾದರೆ ಎಚ್‌ಆರ್ ಒಪ್ಪಿದ ಎರಡು ಅಂಶಗಳನ್ನು ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಲು ಹೇಳಬೇಕು, ಸಹಿಯಾದ ಒಂದು ಪ್ರತಿಯನ್ನು ಅಂದೇ ಪಡೆಯಬೇಕು. ಈ ಮೇಲುಗಳೆಲ್ಲ ಸ್ವಂತ ಜಿಮೇಲಿನಲ್ಲೇ ಇರಲಿ. ಕೆಲಸ ಬಿಟ್ಟ ದಿನ ಕಂಪನಿಯ ಮೇಲ್ ಖಾತೆ ಮುಚ್ಚಿಹೋಗುತ್ತದೆ, ಲೆಕ್ಕದ ಜಗಳ ಶುರುವಾಗುವುದು ಆಮೇಲೆ.