‘ಗ್ರೂಪಿಗೆ ಹಾಕಿದ್ದೆನಲ್ಲ!’

ಶಾಲೆಗೆ ಟ್ಯಾಬು, ಪ್ರೊಜೆಕ್ಟರು, ಹೊಸ ಕಂಪ್ಯೂಟರು ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಪದೇ ಪದೇ ಕೇಳಿಬರುವ ಮಾತಿದು. ‘ನಮಗೆ ಯಾರೂ ಹೇಳಲೇ ಇಲ್ಲ ಮೇಷ್ಟ್ರೇ’ ಎಂದು ತಾಯಿಯೊಬ್ಬಳು ಬಾಗಿಲಲ್ಲಿ ನಿಂತರೆ, ಮೇಷ್ಟ್ರು ಫೋನ್ ತೆಗೆದು ವಾಟ್ಸಾಪ್ ಸಂದೇಶ ತೋರಿಸುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಸಂದೇಶ ಹೋಗಿದ್ದು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿರುವ ಅಪ್ಪನ ಫೋನಿಗೆ. ಊರಲ್ಲಿರುವ ತಾಯಿಯ ಕೈಯಲ್ಲಿರುವುದು ಗುಂಡಿ ಒತ್ತುವ ಹಳೇ ಫೋನು.

ಯೋಜನೆಗಳನ್ನು ನಡೆಸುವವರು ಇಂಥದ್ದಕ್ಕೆಂದೇ ಒಂದು ಹಾಳೆ ಬರೆದಿಟ್ಟುಕೊಳ್ಳುತ್ತಾರೆ. ಅದರ ಹೆಸರು ಸಂವಹನ ನಿರ್ವಹಣಾ ಯೋಜನೆ. ಹೆಸರು ದೊಡ್ಡದು, ಒಳಗಿರುವುದು ನಾಲ್ಕೇ ಅಂಕಣ: ಯಾರಿಗೆ ಹೇಳಬೇಕು, ಯಾವ ದಾರಿಯಲ್ಲಿ, ಎಷ್ಟು ದಿನಕ್ಕೊಮ್ಮೆ, ಹೇಳುವ ಹೊಣೆ ಯಾರದು. ಶಾಲೆಗಳಲ್ಲಿ ಮೊದಲ ಮೂರು ಹೇಗೋ ತುಂಬುತ್ತವೆ. ನಾಲ್ಕನೆಯದರಲ್ಲಿ ‘ಎಲ್ಲ ಶಿಕ್ಷಕರು’ ಎಂದು ಬರೆದುಬಿಡುತ್ತಾರೆ. ಯೋಜನೆ ಕೆಡುವುದು ಅಲ್ಲಿಂದಲೇ.

ಲೆಕ್ಕಕ್ಕೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇಟ್ಟುಕೊಳ್ಳೋಣ. 186 ಮಕ್ಕಳು, 131 ಮನೆಗಳು, ಮುಖ್ಯ ಶಿಕ್ಷಕರೂ ಸೇರಿ ಎಂಟು ಜನ. ಎಂಟು ಜನರಲ್ಲಿ ಇಬ್ಬಿಬ್ಬರು ಮಾತಾಡಿಕೊಳ್ಳುವ ದಾರಿಗಳು 28. ಎಸ್‌ಡಿಎಂಸಿ ಅಧ್ಯಕ್ಷರು, ಸಿಆರ್‌ಪಿ, ಸಾಮಗ್ರಿ ಕೊಟ್ಟ ಕಂಪನಿಯ ತಂತ್ರಜ್ಞ, ಡೇಟಾ ಎಂಟ್ರಿಯವನು ಎಂದು ನಾಲ್ವರು ಸೇರಿಕೊಂಡರೆ ಜನ ಹನ್ನೆರಡಾಗುತ್ತಾರೆ, ದಾರಿಗಳು ಮಾತ್ರ 66ಕ್ಕೆ ಏರುತ್ತವೆ. ಪ್ರೊಜೆಕ್ಟರಿನ ಬಲ್ಬು ಹೋದ ಸುದ್ದಿ ಮೂವರಿಗೆ ಗೊತ್ತಿದ್ದೂ ತಂತ್ರಜ್ಞನಿಗೆ ಮುಟ್ಟದಿರುವುದು ಹೀಗೆ. ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಿರುತ್ತಾರೆ ಅಂದುಕೊಂಡಿರುತ್ತಾರೆ. ಹಾಳೆಯ ಕೆಲಸ ಈ 66ರಲ್ಲಿ ಹತ್ತನ್ನೋ ಹನ್ನೆರಡನ್ನೋ ಆರಿಸಿ, ಒಂದೊಂದಕ್ಕೆ ಒಬ್ಬೊಬ್ಬರನ್ನು ನಿಲ್ಲಿಸುವುದು.

ಈ ಶಾಲೆ ಈಗ ಮಾಡಬೇಕಿರುವುದು ಎರಡು ಕೆಲಸ. ದಾಖಲಾತಿ ರಿಜಿಸ್ಟರಿನ ಹೆಸರು, ಜನ್ಮ ದಿನಾಂಕ ಸ್ಯಾಟ್ಸ್‌ನಲ್ಲಿ ಸರಿಯಾಗಿ ಕೂತಿವೆಯೇ ಎಂದು ನೋಡುವುದು ಒಂದು. ಮಕ್ಕಳಿಗೆ ಕೊಡುವ 12 ಅಂಕಿಯ ‘ಅಪಾರ್’ ಗುರುತಿನ ಸಂಖ್ಯೆಗೆ ಪೋಷಕರ ಒಪ್ಪಿಗೆ ಪಡೆಯುವುದು ಇನ್ನೊಂದು. ಎರಡಕ್ಕೂ ಮನೆಯವರ ಉತ್ತರ ಬೇಕು. ರಿಜಿಸ್ಟರಿನಲ್ಲಿ ‘ಮಂಜುನಾಥ ಎಚ್’, ಆಧಾರಿನಲ್ಲಿ ‘ಮಂಜುನಾಥ ಹನುಮಂತಪ್ಪ’ ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಹುಡುಗರು. ಅದು ಗೊತ್ತಾಗುವುದು ಎಸ್‌ಎಸ್‌ಎಲ್‌ಸಿ ಹೊತ್ತಿಗಾದರೆ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಹಾಗಾಗಿ ಪೋಷಕರ ಸಾಲಿನ ಎರಡನೇ ಅಂಕಣದಲ್ಲಿ ‘ವಾಟ್ಸಾಪ್’ ಎಂದಷ್ಟೇ ಬರೆದರೆ ಸಾಲದು. ನಮ್ಮ ಶಾಲೆ ಬರೆದುಕೊಂಡಿದ್ದು ಹೀಗೆ: ಮಗುವಿನ ಕೈಯಲ್ಲಿ ಒಂದು ಚೀಟಿ. ಮೇಲಿನ ಅರ್ಧದಲ್ಲಿ ರಿಜಿಸ್ಟರಿನಲ್ಲಿರುವ ಹೆಸರು, ತಂದೆ ತಾಯಿ ಹೆಸರು, ಜನ್ಮ ದಿನಾಂಕ. ಕೆಳಗಿನ ಅರ್ಧದಲ್ಲಿ ‘ಸರಿ ಇದೆ’, ‘ತಪ್ಪಿದೆ’ ಎಂಬ ಎರಡು ಚೌಕ, ಅಪಾರ್‌ಗೆ ‘ಒಪ್ಪಿದೆ’, ‘ಒಪ್ಪಿಲ್ಲ’ ಎಂಬ ಇನ್ನೆರಡು, ಸಹಿ ಅಥವಾ ಹೆಬ್ಬೆಟ್ಟಿಗೆ ಜಾಗ. ಇಲ್ಲಿ ಒಪ್ಪಿದವರಿಂದ ಸರ್ಕಾರದ ಒಪ್ಪಿಗೆ ಫಾರಂ ಆಮೇಲೆ ತುಂಬಿಸಿಕೊಳ್ಳುತ್ತಾರೆ. ಕತ್ತರಿಸಿದ ಕೆಳಗಿನ ತುಂಡು ಶಾಲೆಗೆ ವಾಪಸ್. ವಾಟ್ಸಾಪ್ ಇರುವುದು ‘ಚೀಟಿ ಕಳಿಸಿದ್ದೇವೆ, ನೋಡಿ’ ಎಂದು ನೆನಪಿಸಲು ಮಾತ್ರ.

ಹೊಣೆ ಯಾರದು? ತರಗತಿ ಶಿಕ್ಷಕರದು ಎಂದರೆ ಮೂರು ಮಕ್ಕಳಿರುವ ಮನೆಗೆ ಮೂವರಿಂದ ಬುಲಾವು ಹೋಗುತ್ತದೆ. ಆ ಮನೆಯ ಹಿರಿಯ ಮಗು ಯಾವ ತರಗತಿಯಲ್ಲಿದೆಯೋ ಆ ಶಿಕ್ಷಕರದು ಎಂದು ಬರೆದರೆ ಗೊಂದಲವೇ ಇಲ್ಲ. ಮನೆಗೊಬ್ಬ ಮಗು ತನ್ನ, ತಮ್ಮ ತಂಗಿಯರ ಚೀಟಿಗಳನ್ನು ಒಟ್ಟಿಗೆ ಒಯ್ಯುತ್ತದೆ.

ಸೋಮವಾರ ಚೀಟಿ ಹೋಯಿತು ಎನ್ನಿ. ಗುರುವಾರಕ್ಕೆ 131 ಮನೆಗಳಲ್ಲಿ 97ರಿಂದ ಉತ್ತರ ಬಂತು. ಸಾಮಾನ್ಯವಾಗಿ ಇಲ್ಲಿ ಮಾಡುವ ತಪ್ಪು ಎಂದರೆ ಉಳಿದ 34 ಮನೆಗೂ ಅದೇ ಸಂದೇಶವನ್ನು ‘ತುರ್ತು’ ಎಂದು ಸೇರಿಸಿ ಮತ್ತೆ ಕಳಿಸುವುದು. ಶಿಕ್ಷಕರು ಕುಳಿತು ವಿಂಗಡಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. 11 ಚೀಟಿಗಳು ಚೀಲದ ತಳದಲ್ಲೇ ಇದ್ದವು. ಆ ಮಕ್ಕಳನ್ನು ಪ್ರಾರ್ಥನೆಯ ನಂತರ ನಿಲ್ಲಿಸಿಕೊಂಡು ಮತ್ತೊಂದು ಚೀಟಿ ಕೊಟ್ಟರೆ ಮುಗಿಯಿತು. 15 ಮನೆಗಳಲ್ಲಿ ‘ಅವರಪ್ಪ ಬಂದ ಮೇಲೆ ಸಹಿ’ ಎಂಬ ಉತ್ತರ. ತಾಯಿಯ ಸಹಿಯೂ ನಡೆಯುತ್ತದೆ ಎಂಬುದೇ ಚೀಟಿಯಲ್ಲಿ ಇರಲಿಲ್ಲ. ಅದು ಶಾಲೆಯ ತಪ್ಪು, ಪೋಷಕರ ಉದಾಸೀನವಲ್ಲ. ಮಿಕ್ಕ ಎಂಟು ಮನೆಗಳವರಿಗೆ ಹೆದರಿಕೆ. ಆಧಾರ್ ಕೊಟ್ಟರೆ ಬ್ಯಾಂಕಿನ ದುಡ್ಡು ಹೋಗುತ್ತದೆ ಎಂದು ಯಾರೋ ಹೇಳಿದ್ದಾರೆ.

ಈ ಎಂಟು ಮನೆಗೆ ಕಾಗದ ಸಾಲದು, ಮುಖ ಬೇಕು. ಅಲ್ಲಿಗೆ ಹೋಗಬೇಕಾದವರು ಎಸ್‌ಡಿಎಂಸಿ ಸದಸ್ಯರು, ಅದರಲ್ಲೂ ತಾಯಂದಿರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಆ ಜನರನ್ನು ತಿಂಗಳ ಸಭೆಯ ಸಹಿಗಷ್ಟೇ ಬಳಸುವುದು ದಂಡ. ‘ಶಾಲೆಯಿಂದ ಯಾರೂ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ, ಕೇಳಿದರೆ ಕೊಡಬೇಡ ಅಕ್ಕಾ’ ಎಂದು ಪಕ್ಕದ ಬೀದಿಯವಳೇ ಹೇಳಿದರೆ ಅದಕ್ಕಿರುವ ತೂಕ ಸುತ್ತೋಲೆಗಿಲ್ಲ. ಆಮೇಲೂ ಇಬ್ಬರು ಅಪಾರ್ ಬೇಡ ಎಂದರೆ ಅದೂ ಉತ್ತರವೇ. ಒಪ್ಪದಿರಲು ಅವರಿಗೆ ಅವಕಾಶವಿದೆ, ‘ಒಪ್ಪಿಲ್ಲ’ ಎಂದು ಗುರುತು ಹಾಕಿಟ್ಟುಕೊಂಡರಾಯಿತು. ಹಾಳೆಯ ಗುರಿ 131 ಉತ್ತರ, 131 ಒಪ್ಪಿಗೆಯಲ್ಲ.

ಉಳಿದ ಸಾಲುಗಳು ಇಷ್ಟು ಕಷ್ಟದವಲ್ಲ. ಕಂಪನಿಯ ತಂತ್ರಜ್ಞನೊಂದಿಗೆ ಸಾಮಗ್ರಿ ಕೂರಿಸುವ ಎರಡು ವಾರ ದಿನಾ ಮಾತು, ಆಮೇಲೆ ವಾರಕ್ಕೊಮ್ಮೆ. ಪ್ರೊಜೆಕ್ಟರಿನ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ಕು: ಏನು ಕೆಟ್ಟಿತು, ಯಾವತ್ತು ಫೋನ್ ಮಾಡಿದ್ದು, ದೂರಿನ ಸಂಖ್ಯೆ ಎಷ್ಟು. ಮೂರು ದಿನದಲ್ಲಿ ಯಾರೂ ಬರದಿದ್ದರೆ ಮುಖ್ಯ ಶಿಕ್ಷಕರು ಬಿಇಒ ಕಚೇರಿಗೆ ಬರೆಯಬೇಕು ಎಂಬುದೂ ಅದೇ ಸಾಲಿನಲ್ಲಿರಲಿ. ಸಿಆರ್‌ಪಿಗೆ ತಿಂಗಳಿಗೊಂದು ವರದಿ ಸಾಕು. ಅರ್ಧ ಪುಟ, ಅಂಕಿಗಳು ಮಾತ್ರ. ದಿನಾ ಫೋಟೊ ಕಳಿಸಿದರೆ ಅವರೂ ಗ್ರೂಪನ್ನು ಮ್ಯೂಟ್ ಮಾಡಿಕೊಳ್ಳುತ್ತಾರೆ, ನಿಜವಾದ ತೊಂದರೆಯ ಸುದ್ದಿಯೂ ಅದರಲ್ಲೇ ಹೂತುಹೋಗುತ್ತದೆ. ಅಡುಗೆಯವರನ್ನು ಎಲ್ಲರೂ ಮರೆಯುತ್ತಾರೆ. ಹಾಜರಿ ಟ್ಯಾಬಿಗೆ ಹೋದ ದಿನ ಬಿಸಿಯೂಟದ ತಲೆ ಎಣಿಕೆ ಎಷ್ಟು ಗಂಟೆಗೆ, ಯಾರಿಂದ ಬರುತ್ತದೆಂದು ಅವರಿಗೆ ಹೇಳದಿದ್ದರೆ ಅಕ್ಕಿ ಅಳೆಯುವುದೇ ತಡ.

ಇನ್ನೊಂದು ಮಾತು. ಹೊಣೆಯ ಅಂಕಣದಲ್ಲಿ ಬರೀ ಒಬ್ಬರ ಹೆಸರಿದ್ದರೆ ಅವರು ಚುನಾವಣೆಗೋ ತರಬೇತಿಗೋ ವರ್ಗಾವಣೆಯ ಮೇಲೋ ಹೋದ ದಿನ ಆ ಸಾಲು ಸತ್ತಂತೆ. ‘ಆರನೇ ತರಗತಿ ಶಿಕ್ಷಕರು, ಅವರಿಲ್ಲದಾಗ ಏಳನೆಯವರು’ ಎಂದು ಹುದ್ದೆಯನ್ನೂ ಬದಲಿಯನ್ನೂ ಬರೆಯಬೇಕು. ಹಾಳೆಯನ್ನು ಬೀರುವಿನ ಫೈಲಿನಲ್ಲಿಡದೆ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಬೇಕು, ತಪ್ಪಿದ ದಿನ ಯಾರು ತಪ್ಪಿದರೆಂದು ನಿಂತಲ್ಲೇ ಕಾಣುವ ಹಾಗೆ.

ನಿಮ್ಮ ಮಗುವಿನ ಚೀಲದಲ್ಲೂ ಇಂಥ ಚೀಟಿ ಬಂದರೆ ಹೆಸರನ್ನು ಅಕ್ಷರ ಅಕ್ಷರ ಆಧಾರ್ ಕಾರ್ಡಿನ ಪಕ್ಕ ಇಟ್ಟು ಓದಿ. ತಪ್ಪಿದ್ದರೆ ತಪ್ಪು ಎಂದು ಬರೆದು, ಕೆಳಗಿನ ಅರ್ಧವನ್ನು ಮರುದಿನವೇ ವಾಪಸ್ ಕಳಿಸಿ.