ಸೋಮವಾರ ರಾತ್ರಿಯೋ, ಮಂಗಳವಾರವೋ

ನಮ್ಮೂರಿನ ಪತ್ರಿಕೆಯ ಮೇಜಿಗೆ ನಿಧನ ವಾರ್ತೆ ಬರುವುದು ಹೆಚ್ಚಾಗಿ ಸಂಜೆಯ ಹೊತ್ತಿಗೆ. ಅಂದು ಮೊಮ್ಮಗನೊಬ್ಬ ರೂಲ್ ಹಾಳೆಯಲ್ಲಿ ಬರೆದು ತಂದಿದ್ದ. ತೀರಿಕೊಂಡವರು ಅವನ ಅಜ್ಜಿ, ನಿವೃತ್ತ ಶಿಕ್ಷಕಿ. ‘8ನೇ ತಾರೀಕು ಸೋಮವಾರ ರಾತ್ರಿ ಕ್ಯಾನ್ಸರ್‌ನಿಂದ ನರಳಿ ಸತ್ತರು. ಮೂವರು ಪುತ್ರರು, ಇಬ್ಬರು ಪುತ್ರಿಯರನ್ನು ಅಗಲಿದ್ದಾರೆ. ವೈಕುಂಠ ಸಮಾರಾಧನೆ 20, ಭಾನುವಾರ.’

ಮೊದಲು ಕಣ್ಣಿಗೆ ಬಿದ್ದದ್ದು ಕೊನೆಯ ಸಾಲು. 8 ಸೋಮವಾರವಾದರೆ 20 ಶನಿವಾರ. ತಾರೀಕು ಮತ್ತು ವಾರ ಒಂದಕ್ಕೊಂದು ಹೊಂದದಿದ್ದರೆ ಎರಡರಲ್ಲಿ ಒಂದು ತಪ್ಪು. ಯಾವುದೆಂದು ನಾವೇ ಊಹಿಸಿ ತಿದ್ದಿದರೆ ದೂರದೂರಿನ ನೆಂಟರು ಎಲ್ಲ ಮುಗಿದ ಮರುದಿನ ಬಂದಿಳಿಯುತ್ತಾರೆ. ಆಸ್ಪತ್ರೆಯ ಪತ್ರ ತರಿಸಿ ನೋಡಿದರೆ ಅಲ್ಲಿ ಮಂಗಳವಾರ, 9, ಬೆಳಗಿನ ಜಾವ 2.10 ಎಂದಿತ್ತು. ಗೊಂದಲ ಹುಟ್ಟಿದ್ದು ಇಲ್ಲೇ. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಕ್ಯಾಲೆಂಡರಿನಲ್ಲಿ ನಡುರಾತ್ರಿಗೆ. ಮನೆಯವರ ಲೆಕ್ಕದಲ್ಲಿ ಅದಿನ್ನೂ ಸೋಮವಾರದ ರಾತ್ರಿ. ಒಂಬತ್ತರಿಂದ ಎಣಿಸಿದರೆ ಹದಿಮೂರನೇ ದಿನ 21, ಭಾನುವಾರ ಆಗುತ್ತದೆ. ಎಂಟರಿಂದ ಎಣಿಸಿದರೆ 20, ಶನಿವಾರ. ಪುರೋಹಿತರಿಗೆ ಫೋನು ಮಾಡಿಸಿದೆವು. ಅವರು ಎಣಿಸಿದ್ದು ಸೋಮವಾರದಿಂದ. ಹಾಗಾಗಿ ಮರಣದ ತಾರೀಕು ಆಸ್ಪತ್ರೆಯ ಪತ್ರದಂತೆ 9 ಎಂದೂ ಸಮಾರಾಧನೆ ಪುರೋಹಿತರು ಹೇಳಿದಂತೆ 20, ಶನಿವಾರ ಎಂದೂ ಅಚ್ಚಾಯಿತು. ನೋಡಿದವರಿಗೆ ಒಂದು ದಿನ ಕಡಿಮೆ ಬಿದ್ದಂತೆ ಕಂಡರೂ ಎರಡೂ ಸರಿಯೇ.

ಇನ್ನು ಮಕ್ಕಳ ಲೆಕ್ಕ. ಮೂವರು ಗಂಡುಮಕ್ಕಳ ಹೆಸರು ಕೇಳಿದಾಗ ಹುಡುಗ ಎರಡು ಹೇಳಿ ಸುಮ್ಮನಾದ. ನಡುವಿನವರು ನಾಲ್ಕು ವರ್ಷದ ಹಿಂದೆ ಹೋಗಿದ್ದರಂತೆ. ‘ಅಗಲಿದ್ದಾರೆ’ ಎಂಬ ಮಾತು ಬದುಕಿರುವವರನ್ನು ಕುರಿತದ್ದು, ಅದಕ್ಕೇ ‘ಇಬ್ಬರು ಪುತ್ರರು’ ಎಂದಾಗಬೇಕು. ಆದರೆ ಸಂಖ್ಯೆ ತಿದ್ದಿ ಕೈತೊಳೆದುಕೊಂಡರೆ ಆ ಮಗನ ಹೆಂಡತಿ, ಮಕ್ಕಳು ಸುದ್ದಿಯಿಂದಲೇ ಮಾಯವಾಗುತ್ತಾರೆ. ಅಜ್ಜಿಯನ್ನು ಕೊನೆಯ ತನಕ ನೋಡಿಕೊಂಡವರು ಆ ಸೊಸೆಯೇ. ‘ಇಬ್ಬರು ಪುತ್ರರು, ಇಬ್ಬರು ಪುತ್ರಿಯರು, ಸೊಸೆಯಂದಿರು, ಅಳಿಯಂದಿರು ಹಾಗೂ ಮೊಮ್ಮಕ್ಕಳನ್ನು ಅಗಲಿದ್ದಾರೆ’ ಎಂದು ಬರೆದು, ಕೆಳಗೆ ದುಃಖತಪ್ತರ ಸಾಲಿನಲ್ಲಿ ಮೂವರು ಸೊಸೆಯಂದಿರ ಹೆಸರನ್ನೂ ಸೇರಿಸಿದೆವು.

‘ನರಳಿ ಸತ್ತರು’ ಎಂಬುದನ್ನು ಮಾತ್ರ ಕೇಳದೆಯೇ ತೆಗೆದೆ. ರೋಗದ ಹೆಸರು ಬೇಕೇ ಬೇಡವೇ ಎಂಬುದು ಮನೆಯವರ ಇಷ್ಟ, ನರಳಾಟ ಊರಿಗೆಲ್ಲ ಗೊತ್ತಾಗಬೇಕಿಲ್ಲ. ‘ಕೆಲಕಾಲದ ಅಸ್ವಸ್ಥತೆಯ ಬಳಿಕ ನಿಧನರಾದರು’ ಎಂದರೆ ಸಾಕು. ಲಿಂಗೈಕ್ಯ, ವೈಕುಂಠವಾಸಿ ಮುಂತಾದ ಮಾತುಗಳನ್ನು ಅಂದವೆಂದು ನಾವಾಗಿ ಸೇರಿಸಬಾರದು. ಅವು ಆಯಾ ಮನೆಯ ಸಂಪ್ರದಾಯದಿಂದಲೇ ಬರಬೇಕು.

ಅಚ್ಚಿಗೆ ಕಳಿಸುವ ಮುನ್ನ ಹಿರಿಯ ಮಗನಿಗೆ ಫೋನಿನಲ್ಲಿ ಇಡೀ ಸುದ್ದಿ ಓದಿದೆ, ಒಂದೊಂದು ಹೆಸರನ್ನೂ ಅಕ್ಷರ ಬಿಡಿಸಿ. ಸೊಸೆಯಂದಿರ ಸಾಲು ಬಂದಾಗ ಅವರು ತಡೆದು, ‘ಇನ್ನೊಂದ್ಸಲ ಓದಿ ಸಾರ್’ ಅಂದರು. ಓದಿದೆ. ‘ಸರಿಯಾಗಿದೆ, ಹಾಗೇ ಇರಲಿ’ ಅಂದರು.