ಮೊದಲ ಮಾತ್ರೆಗೂ ಮುಂಚೆ ಒಂದು ಡಬ್ಬಿ

ಉರಿಮೂತ್ರ ಶುರುವಾದರೆ ನಮ್ಮ ಹೆಂಗಸರ ಚಿಕಿತ್ಸೆಗೆ ಒಂದು ಕ್ರಮವಿದೆ. ಉಷ್ಣವಾಗಿದೆ ಅಂತ ಮೊದಲ ದಿನ ಎಳನೀರು, ಮರುದಿನ ಬಾರ್ಲಿ ನೀರು, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರು. ಡಾಕ್ಟರ ಸರದಿ ಬರುವುದು ಆಮೇಲೆ. ಯೂರಿನ್ ಕಲ್ಚರ್ ಅನ್ನುವ ಪರೀಕ್ಷೆಯ ಸರದಿ ಬರುವುದು ಇನ್ನೂ ಆಮೇಲೆ, ಅಷ್ಟು ಹೊತ್ತಿಗೆ ಅದರ ಅರ್ಧ ಪ್ರಯೋಜನ ಕೈತಪ್ಪಿ ಹೋಗಿರುತ್ತದೆ.

ಹಲವರ ಕಥೆಯನ್ನು ಒಬ್ಬರದಾಗಿಸಿ ಹೇಳುತ್ತೇನೆ. ಹಾಸನದ ಕಡೆಯ ಒಂದು ಊರಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಹೆಂಗಸು, ವಯಸ್ಸು 52. ಮುಟ್ಟು ನಿಂತು ಎರಡು ವರ್ಷವಾಗಿದೆ, ಸಕ್ಕರೆ ಕಾಯಿಲೆ ಇದೆ. ಅಂಗಡಿಯ ಹತ್ತಿರ ಶೌಚಾಲಯವಿಲ್ಲದ್ದರಿಂದ ಬೆಳಿಗ್ಗೆ ಕಾಫಿ ಕುಡಿದು ಹೊರಟರೆ ಸಂಜೆಯವರೆಗೆ ನೀರು ಮುಟ್ಟುವುದಿಲ್ಲ. ಒಂದು ದಿನ ಉರಿ ಶುರುವಾಯಿತು. ಅರ್ಧ ಗಂಟೆಗೊಮ್ಮೆ ಹೋಗಬೇಕು ಅನ್ನಿಸುವುದು, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ನೋವು. ಮೆಡಿಕಲ್ ಸ್ಟೋರಿನ ಹುಡುಗ "ಅಕ್ಕಾ, ಇದನ್ನ ಬೆಳಿಗ್ಗೆ ಒಂದು ರಾತ್ರಿ ಒಂದು ತಗೊಳ್ಳಿ, ಸರಿಹೋಗುತ್ತೆ" ಅಂತ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗಳನ್ನು ಕತ್ತರಿಸಿ ಕೊಟ್ಟ. ಜೊತೆಗೆ ಉರಿ ಕಡಿಮೆಯಾಗಲು ಒಂದು ಸಿರಪ್.

ಈ ಉರಿಗೆ ಕಾರಣ ಬಹುತೇಕ ಸಲ ನಮ್ಮದೇ ಕರುಳಿನಲ್ಲಿ ತಂಟೆ ಮಾಡದೆ ಬದುಕಿರುವ ಈ. ಕೊಲೈ ಎಂಬ ಬ್ಯಾಕ್ಟೀರಿಯಾ. ಥಿಯೋಡೋರ್ ಎಶೆರಿಕ್ ಎಂಬ ಮಕ್ಕಳ ವೈದ್ಯರು 1885ರಲ್ಲಿ ಇದನ್ನು ಮೊದಲು ವಿವರಿಸಿದ್ದು ಕೂಸುಗಳ ಮಲದಲ್ಲಿ ಕಂಡು. ಬೇರೇನೂ ತೊಂದರೆಯಿಲ್ಲದ ಹೆಂಗಸರಿಗೆ ಬರುವ ಮೂತ್ರದ ಸೋಂಕಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಇದರದೇ. ಹೆಂಗಸರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಗಂಡಸರದು 20ರ ಹತ್ತಿರ. ಮಲದ್ವಾರದ ಬಳಿಯಿಂದ ಹೊರಟ ಬ್ಯಾಕ್ಟೀರಿಯಾಕ್ಕೆ ಹೆಂಗಸರ ಮೂತ್ರಕೋಶ ಅಷ್ಟು ಹತ್ತಿರ. ಒಳಗೆ ಹೋದ ಮೇಲೂ ಮೂತ್ರದ ಜೊತೆ ಕೊಚ್ಚಿ ಹೋಗಬೇಕಿತ್ತು, ಹೋಗುವುದಿಲ್ಲ. ಅದರ ಮೈಮೇಲಿನ ಸಣ್ಣ ಎಳೆಗಳು, ಕಾಲುದಾರಿಯಲ್ಲಿ ಸೀರೆಯಂಚಿಗೆ ಕಚ್ಚಿಕೊಳ್ಳುವ ಉತ್ತರಾಣಿ ಬೀಜದ ಹಾಗೆ, ಮೂತ್ರಕೋಶದ ಒಳಗೋಡೆಯನ್ನು ಹಿಡಿದುಕೊಳ್ಳುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು, ಯೋನಿಯಲ್ಲಿ ಆಮ್ಲೀಯತೆ ಕಾಯ್ದುಕೊಂಡು ಬಂದಿದ್ದ ಲ್ಯಾಕ್ಟೊಬ್ಯಾಸಿಲಸ್‌ಗಳು ಕಡಿಮೆಯಾಗುತ್ತವೆ. ಆ ಜಾಗಕ್ಕೆ ಈ. ಕೊಲೈ ಬಂದು ಕೂರುವುದು ಸುಲಭವಾಗುತ್ತದೆ.

ಉಳಿದ ಪಾಲಿನಲ್ಲಿ ಕ್ಲೆಬ್ಸಿಯೆಲ್ಲಾ, ಎಂಟೆರೊಕಾಕಸ್, ಪ್ರೋಟಿಯಸ್ ಇವೆ. ಹರೆಯದ ಹೆಂಗಸರಲ್ಲಿ ಸ್ಟ್ಯಾಫಿಲೊಕಾಕಸ್ ಸ್ಯಾಪ್ರೊಫಿಟಿಕಸ್ ಸಹ ಕಾಣುತ್ತದೆ. ಪ್ರೋಟಿಯಸ್ ಹೆಸರು ರಿಪೋರ್ಟಿನಲ್ಲಿ ಮತ್ತೆ ಮತ್ತೆ ಬಂದರೆ ಡಾಕ್ಟರು ಸ್ಕ್ಯಾನ್ ಬರೆಯುತ್ತಾರೆ. ಅದು ಯೂರಿಯಾವನ್ನು ಒಡೆದು ಮೂತ್ರವನ್ನು ಕ್ಷಾರೀಯ ಮಾಡುತ್ತದೆ, ಅಂಥ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ, ಕಲ್ಲಿನೊಳಗೆ ಅವಿತ ಬ್ಯಾಕ್ಟೀರಿಯಾಕ್ಕೆ ಔಷಧಿ ತಲುಪುವುದಿಲ್ಲ.

ಟೈಲರಮ್ಮನ ಕಥೆಗೆ ಬರೋಣ. ಎರಡು ದಿನ ಮಾತ್ರೆ ನುಂಗಿದಾಗ ಉರಿ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಮೂರನೇ ದಿನ ಮಗಳ ಒತ್ತಾಯಕ್ಕೆ ಲ್ಯಾಬಿಗೆ ಹೋಗಿ ಮೂತ್ರ ಕೊಟ್ಟು ಬಂದರು. ಸಾಮಾನ್ಯ ಪರೀಕ್ಷೆಯಲ್ಲಿ ಪಸ್ ಸೆಲ್ಸ್ 30–40 ಬಂತು (ಐದರೊಳಗಿದ್ದರೆ ಸಾಧಾರಣವಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ). ಕಲ್ಚರಿನಲ್ಲಿ ಮಾತ್ರ "ಬೆಳವಣಿಗೆ ಇಲ್ಲ" ಅಂತ ಬಂತು. ಸೋಂಕಿಲ್ಲವಂತೆ, ಬರೀ ಉಷ್ಣ ಅಂತ ಮನೆಯವರು ನಿರಾಳವಾದರು.

ಇಲ್ಲಿ ತಪ್ಪಿದ್ದು ಪರೀಕ್ಷೆಯಲ್ಲ, ಹೊತ್ತು. ಆಂಟಿಬಯೊಟಿಕ್ ನುಂಗಿದರೆ ಅದು ಮೂತ್ರದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಸಾಯದಿದ್ದರೂ ಲ್ಯಾಬಿನ ತಟ್ಟೆಯ ಮೇಲೆ ಬೆಳೆಯದಷ್ಟು ಕುಗ್ಗಿರಬಹುದು. ಪಸ್ ಸೆಲ್ಸ್ ಅಷ್ಟಿದ್ದು ಕಲ್ಚರ್ ಖಾಲಿ ಬಂದರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಮೊದಲೇ ಏನಾದರೂ ಮಾತ್ರೆ ತಗೊಂಡಿದ್ದಿರಾ ಅನ್ನುವುದು. ಕ್ಷಯದಂಥ ಬೇರೆ ಕಾರಣಗಳನ್ನು ಯೋಚಿಸುವುದು ಅದಾದ ಮೇಲೆ.

ಹತ್ತು ದಿನ ಕಳೆಯುವಷ್ಟರಲ್ಲಿ ಚಳಿ ಬಿಟ್ಟು ಜ್ವರ ಬಂತು. ಬಲಗಡೆ ಪಕ್ಕೆಲುಬಿನ ಕೆಳಗೆ, ಬೆನ್ನಿನ ಕಡೆ ನೋವು, ಎರಡು ಸಲ ವಾಂತಿ. ಸರಳವಾದ ಸೋಂಕು ಮುಗಿದು ತೊಡಕಿನ ಸೋಂಕು ಶುರುವಾಗುವ ಗೆರೆ ಇದು. ಮೂತ್ರಕೋಶದ ಮಟ್ಟಕ್ಕೆ ನಿಂತ ಸೋಂಕಿನಲ್ಲಿ ಉರಿ, ಪದೇ ಪದೇ ಹೋಗುವುದು, ಕೆಲವೊಮ್ಮೆ ಮೂತ್ರದಲ್ಲಿ ರಕ್ತ ಇರುತ್ತದೆ, ಜ್ವರ ಇರುವುದಿಲ್ಲ. ಜ್ವರ, ಚಳಿ, ಪಕ್ಕೆನೋವು ಬಂದರೆ ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಏರಿದೆ ಎಂದು ತಿಳಿಯಬೇಕು. ಇದರ ಜೊತೆಗೆ ಗರ್ಭಿಣಿಯರು, ಕ್ಯಾತಿಟರ್ ಹಾಕಿದವರು, ಮೂತ್ರಪಿಂಡದಲ್ಲಿ ಕಲ್ಲು ಅಥವಾ ಅಡಚಣೆ ಇರುವವರು, ಕಸಿ ಮಾಡಿಸಿಕೊಂಡವರನ್ನೂ ತೊಡಕಿನ ಗುಂಪಿಗೇ ಸೇರಿಸುವುದು ಹಳೆಯ ರೂಢಿ. ಸಕ್ಕರೆ ಕಾಯಿಲೆಯವರ ವಿಚಾರದಲ್ಲಿ ವೈದ್ಯರೊಳಗೇ ಒಮ್ಮತವಿಲ್ಲ. ಸಕ್ಕರೆ ಹತೋಟಿಯಲ್ಲಿದ್ದು ಉರಿಯಷ್ಟೇ ಇದ್ದರೆ ಸರಳವೆಂದೇ ನೋಡಬಹುದು ಅನ್ನುವವರಿದ್ದಾರೆ. ನನಗನಿಸುವುದು, ಸಕ್ಕರೆ ಏರಿಳಿಯುವವರಿಗೆ ಕಲ್ಚರ್ ಇಲ್ಲದೆ ಮಾತ್ರೆ ಕೊಡುವುದು ಉಳಿತಾಯವಲ್ಲ.

ಹಾಗಂತ ಎಲ್ಲರಿಗೂ ಕಲ್ಚರ್ ಬೇಕಿಲ್ಲ. ಆರೋಗ್ಯವಾಗಿರುವ, ಬಸುರಿಯಲ್ಲದ ಹೆಂಗಸಿಗೆ ಅಪರೂಪಕ್ಕೊಮ್ಮೆ ಉರಿ ಬಂದು, ಬಿಳಿಮುಟ್ಟು, ತುರಿಕೆ ಇಲ್ಲದಿದ್ದರೆ ಲಕ್ಷಣ ಕೇಳಿಯೇ ಡಾಕ್ಟರು ಔಷಧಿ ಬರೆಯಬಹುದು. ಅದಕ್ಕೆ ನೈಟ್ರೊಫುರಾಂಟೊಯಿನ್ ಐದು ದಿನ, ಅಥವಾ ನೀರಿನಲ್ಲಿ ಕರಗಿಸಿ ಒಂದೇ ಸಲ ಕುಡಿಯುವ 3 ಗ್ರಾಂ ಫಾಸ್ಫೊಮೈಸಿನ್ ಪುಡಿ ಸಾಕಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ಗೆ ನಮ್ಮ ದೇಶದ ಈ. ಕೊಲೈ ಬಹಳ ಮಟ್ಟಿಗೆ ಬಗ್ಗದಂತಾಗಿದೆ, ಆದರೂ ಅಂಗಡಿಯ ಕೈ ಮೊದಲು ಹೋಗುವುದು ಅದರ ಕಡೆಗೇ. ಇನ್ನು ಆ ಸಿರಪ್: ಮೂತ್ರವನ್ನು ಕ್ಷಾರೀಯ ಮಾಡಿ ಉರಿ ತಗ್ಗಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ನೈಟ್ರೊಫುರಾಂಟೊಯಿನ್ ಚೆನ್ನಾಗಿ ಕೆಲಸ ಮಾಡುವುದು ಆಮ್ಲೀಯ ಮೂತ್ರದಲ್ಲಿ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಔಷಧಿಯ ಕಾಲನ್ನು ನಾವೇ ಎಳೆದ ಹಾಗೆ.

ಕಲ್ಚರ್ ಬೇಕಾಗುವುದು ಜ್ವರ ಬಂದವರಿಗೆ, ಗರ್ಭಿಣಿಯರಿಗೆ, ಔಷಧಿ ಮುಗಿಸಿದರೂ ವಾಸಿಯಾಗದವರಿಗೆ, ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷಕ್ಕೆ ಮೂರು ಸಲ ಸೋಂಕು ಮರುಕಳಿಸಿದವರಿಗೆ.

ಟೈಲರಮ್ಮನನ್ನು ಈ ಸಲ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಂಜೆಕ್ಷನ್ ಕೊಡುವ ಮೊದಲೇ ನರ್ಸ್ ಒಂದು ಮುಚ್ಚಳದ ಡಬ್ಬಿ ಕೊಟ್ಟು, "ನೀರಲ್ಲಿ ಮುಂದಿನಿಂದ ಹಿಂದಕ್ಕೆ ತೊಳ್ಕೊಳ್ಳಿ ಅಮ್ಮಾ. ಮೊದಲು ಬರೋದನ್ನ ಬಿಟ್ಟುಬಿಡಿ, ನಡುವಿಂದು ಮಾತ್ರ ಹಿಡೀರಿ. ಡಬ್ಬಿ ಒಳಗೆ ಬೆರಳು ತಾಗಿಸಬೇಡಿ" ಅಂದರು. ಮೊದಲ ಹನಿಗಳಲ್ಲಿ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆರೆತಿರುತ್ತದೆ, ಅದಕ್ಕೇ ಈ ಕಟ್ಟಪ್ಪಣೆ. ಡಬ್ಬಿ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲದಿದ್ದರೆ ಫ್ರಿಜ್ಜಿನಲ್ಲಿರಬೇಕು. ಅನುಕೂಲವಾದ ಶಾಖ ಸಿಕ್ಕರೆ ಈ. ಕೊಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಬಸ್ಸಿನಲ್ಲಿ ಚೀಲದೊಳಗೆ ಬೆಚ್ಚಗೆ ಕೂತು ಬಂದ ಮೂತ್ರದಲ್ಲಿ ಲೆಕ್ಕ ಎಷ್ಟಕ್ಕೆ ಏರಿರುತ್ತದೋ ಹೇಳಲಾಗದು. ರಿಪೋರ್ಟಿನಲ್ಲಿ ಮೂರು ನಾಲ್ಕು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದಿದೆ ಎಂದು ಬಂದರೆ ಹೆಚ್ಚಿನ ಸಲ ಅದು ಹಿಡಿದ ರೀತಿಯ ದೋಷ, ಮತ್ತೆ ಕೊಡಬೇಕಾಗುತ್ತದೆ.

ಲ್ಯಾಬಿನಲ್ಲಿ ನಡೆಯುವುದು ಸರಳ. ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು ಹಿಡಿಯುವ ತಂತಿ ಬಳೆಯನ್ನು ಮೂತ್ರಕ್ಕೆ ಅದ್ದಿ, ಅಗರ್ ತಟ್ಟೆಯ ಮೇಲೆ ಗೀರಿ, ದೇಹದ ಶಾಖದ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ತಟ್ಟೆಯ ಮೇಲೆ ಎದ್ದ ಚುಕ್ಕೆಗಳನ್ನು ಎಣಿಸುತ್ತಾರೆ. ನೂರು ಚುಕ್ಕೆ ಇದ್ದರೆ ಮಿಲಿಲೀಟರಿಗೆ ಒಂದು ಲಕ್ಷ ಎಂದು ಲೆಕ್ಕ. ಆ ಒಂದು ಲಕ್ಷದ ಗೆರೆ 1950ರ ದಶಕದಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಕ್ಯಾಸ್ ಅವರ ಕೆಲಸದಿಂದ ಬಂದದ್ದು. ಆದರೆ ಅದನ್ನು ಕಣ್ಣುಮುಚ್ಚಿ ಹಿಡಿಯುವ ಹಾಗಿಲ್ಲ. ಉರಿ ಇರುವ ಹೆಂಗಸಿನಲ್ಲಿ ಸಾವಿರದಷ್ಟಿದ್ದರೂ ಅದು ನಿಜವಾದ ಸೋಂಕಾಗಿರಬಹುದು. ಯಾವ ತೊಂದರೆಯೂ ಇಲ್ಲದ ಅಜ್ಜಿಯ ಮೂತ್ರದಲ್ಲಿ ಲಕ್ಷ ದಾಟಿದ್ದರೂ ಔಷಧಿ ಬೇಕಿಲ್ಲ. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಕಲ್ಚರ್ ಸೇರಿಸಿ, ಬಂದ ಸಂಖ್ಯೆಗೆ ಆಂಟಿಬಯೊಟಿಕ್ ಬರೆಯುವುದು ನಿಲ್ಲಬೇಕಾದ ಅಭ್ಯಾಸ.

ಡಬ್ಬಿ ಲ್ಯಾಬಿಗೆ ಹೋಯಿತು. ಅಷ್ಟು ದಿನ ಕಾಯುವ ಹಾಗಿಲ್ಲವಲ್ಲ, ಡಾಕ್ಟರು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರುಮಾಡಿದರು. ಸ್ಕ್ಯಾನಿನಲ್ಲಿ ಕಲ್ಲೂ ಇಲ್ಲ, ಅಡಚಣೆಯೂ ಇಲ್ಲ. ಎರಡು ದಿನವಾದರೂ ಜ್ವರ ಬಿಡಲಿಲ್ಲ. ಮೂರನೇ ದಿನ ರಿಪೋರ್ಟ್ ಬಂತು: ಈ. ಕೊಲೈ, ಒಂದು ಲಕ್ಷಕ್ಕಿಂತ ಹೆಚ್ಚು, ಇಎಸ್‌ಬಿಎಲ್. ಸೆಫ್ಟ್ರಿಯಾಕ್ಸೋನ್ ಇರುವ ಗುಂಪಿನ ಔಷಧಿಗಳನ್ನು ಒಡೆದುಹಾಕುವ ಕಿಣ್ವ ಈ ಬ್ಯಾಕ್ಟೀರಿಯಾದ ಬಳಿ ಇದೆ ಎಂದು ಅದರ ಅರ್ಥ. ಕೆಳಗಿನ ಪಟ್ಟಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್, ಸೆಫ್ಟ್ರಿಯಾಕ್ಸೋನ್, ಕೊಟ್ರೈಮಾಕ್ಸಜೋಲ್ ಮುಂದೆ ‘ಆರ್’, ಅಂದರೆ ಬಗ್ಗುವುದಿಲ್ಲ. ನೈಟ್ರೊಫುರಾಂಟೊಯಿನ್, ಫಾಸ್ಫೊಮೈಸಿನ್, ಅಮಿಕಾಸಿನ್, ಅರ್ಟಾಪೆನೆಮ್ ಮುಂದೆ ‘ಎಸ್’, ಬಗ್ಗುತ್ತದೆ.

ಮಗಳು ರಿಪೋರ್ಟ್ ಓದಿದವಳೇ, "ಮಾತ್ರೆಗೆ ಬಗ್ಗುತ್ತೆ ಅಂತ ಇದೆಯಲ್ಲ ಸರ್, ದುಬಾರಿ ಇಂಜೆಕ್ಷನ್ ಯಾಕೆ?" ಅಂದಳು. ಕೇಳಬೇಕಾದ ಪ್ರಶ್ನೆಯೇ. ನೈಟ್ರೊಫುರಾಂಟೊಯಿನ್ ರಕ್ತದಲ್ಲಿ ನಿಲ್ಲದೆ ಬೇಗ ಮೂತ್ರಕ್ಕೆ ಇಳಿದುಬಿಡುತ್ತದೆ. ಮೂತ್ರಕೋಶದಲ್ಲಿ ಅದಕ್ಕೆ ಬಲ ಬರುವುದೂ, ಮೂತ್ರಪಿಂಡದ ಮಾಂಸದೊಳಗಿನ ಸೋಂಕಿಗೆ ಅದು ಉಪಯೋಗಕ್ಕೆ ಬಾರದಿರುವುದೂ ಅದೇ ಕಾರಣಕ್ಕೆ. ‘ಎಸ್’ ಅನ್ನುವುದು ತಟ್ಟೆಯ ಮೇಲಿನ ಮಾತು, ಸೋಂಕು ದೇಹದಲ್ಲಿ ಎಲ್ಲಿದೆ ಅನ್ನುವುದು ತಟ್ಟೆಗೆ ತಿಳಿಯದು. ದಿನಕ್ಕೊಮ್ಮೆ ಅರ್ಟಾಪೆನೆಮ್ ಶುರುವಾಯಿತು. ಮರುದಿನ ಸಂಜೆಗೆ ಜ್ವರ ಇಳಿಯಿತು. ಏಳು ದಿನಕ್ಕೆ ಇಂಜೆಕ್ಷನ್ ನಿಂತಿತು.

ಹೊರಡುವಾಗ ಡಾಕ್ಟರು ಸಕ್ಕರೆಯ ಔಷಧಿ ಬದಲಿಸಿದರು, ಮತ್ತೆ ಮತ್ತೆ ಸೋಂಕು ಬಂದರೆ ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮಿನ ಬಗ್ಗೆ ಮಾತಾಡೋಣ ಅಂದರು. ಮುಟ್ಟು ನಿಂತವರಲ್ಲಿ ಅದು ಸೋಂಕು ಮರುಕಳಿಸುವುದನ್ನು ತಗ್ಗಿಸುತ್ತದೆ. ವಾಸಿಯಾಯಿತೋ ಇಲ್ಲವೋ ನೋಡಲು ಇನ್ನೊಂದು ಕಲ್ಚರ್ ಮಾಡಿಸಲೇ ಅಂತ ಮಗಳು ಕೇಳಿದ್ದಕ್ಕೆ ಬೇಡವೆಂದರು. ಲಕ್ಷಣಗಳು ಹೋಗಿದ್ದರೆ ಅದರ ಅಗತ್ಯವಿಲ್ಲ.

ಈ ಲೆಕ್ಕ ತಿರುಗುಮುರುಗಾಗುವುದು ಗರ್ಭಿಣಿಯರಲ್ಲಿ. ಉರಿ ಇಲ್ಲದಿದ್ದರೂ ಬಸಿರಿನ ಮೊದಲ ತಿಂಗಳುಗಳಲ್ಲಿ ಒಮ್ಮೆ ಕಲ್ಚರ್ ಮಾಡಿಸಬೇಕು. ಹಿಗ್ಗುವ ಗರ್ಭಕೋಶ ಮತ್ತು ಹಾರ್ಮೋನುಗಳ ದೆಸೆಯಿಂದ ಮೂತ್ರನಾಳಗಳು ಸಡಿಲವಾಗಿ, ಮೂತ್ರ ಮೇಲೆಯೇ ನಿಲ್ಲುತ್ತದೆ. ಲಕ್ಷಣವಿಲ್ಲದೆ ಕೂತಿದ್ದ ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಏರುವ ಸಂಭವ ಆಗ ಹೆಚ್ಚು, ಅವಧಿಗೆ ಮುಂಚಿನ ಹೆರಿಗೆಗೂ ಅದು ದಾರಿ ಮಾಡಬಹುದು. ಇವರಿಗೆ ಔಷಧಿ ಮುಗಿದು ಒಂದೆರಡು ವಾರವಾದ ಮೇಲೆ ಇನ್ನೊಂದು ಡಬ್ಬಿ ಕೊಡಬೇಕಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಇವರಿಗೆ ಕೊಡುವ ಹಾಗಿಲ್ಲ, ಹೆರಿಗೆ ಹತ್ತಿರವಾದಾಗ ನೈಟ್ರೊಫುರಾಂಟೊಯಿನ್ ಸಹ ಬೇಡ. ಬಸಿರಿನ ಸಂಗತಿಯನ್ನು ಮೆಡಿಕಲ್ ಸ್ಟೋರಿನ ಹುಡುಗ ಕೇಳುವುದಿಲ್ಲ, ಒಂದೂವರೆ ತಿಂಗಳ ಬಸುರಿಯನ್ನು ನೋಡಿ ಅವನಿಗೆ ಗೊತ್ತಾಗುವುದೂ ಇಲ್ಲ.